ಫ್ರಿಜ್ ತಿಂಗಳಿಗೆ ಎಷ್ಟು ಯೂನಿಟ್ ತಿಂದೀತು

ಖಾನಾಪುರದ ಗಂಡನ ಮನೆಯಲ್ಲಿ ನನ್ನ ತಂಗಿ ಫ್ರಿಜ್ಜಿನ ಬಾಗಿಲು ತೆಗೆದಾಗ ನಾನು ಬಾಜೂಕೇ ನಿಂತಿದ್ದೆ. ಹುಳಿತು ಉಕ್ಕಿದ ದೋಸೆಹಿಟ್ಟು ಡಬ್ಬಿಯ ಮುಚ್ಚಳ ಎತ್ತಿಕೊಂಡು ಕೆಳಗಿನ ತರಕಾರಿಯ ಮೇಲೆಲ್ಲ ಇಳಿದಿತ್ತು. ಹಾಲು ಒಡೆದು ಹಳದಿಯಾಗಿತ್ತು, ಕೊತ್ತಂಬರಿ ಕಪ್ಪು ಲೋಳೆಯಾಗಿತ್ತು. ಆ ವಾಸನೆಗೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಓಡಿದೆ. ತಂಗಿ ಅಲ್ಲೇ ನಿಂತು ಬಾಗಿಲ ಕಪಾಟಿನಿಂದ ಎರಡು ಚಿಕ್ಕ ಬಾಟಲಿಗಳನ್ನು ತೆಗೆದು ಕೈಯಲ್ಲಿ ಹಿಡಿದು ನೋಡಿದಳು. ಅವು ಅವಳ ಮಾವನ ಇನ್ಸುಲಿನ್. ಬೆಚ್ಚಗಿದ್ದವು.

ಅವಳು ನಾಲ್ಕು ದಿನ ಬೆಳಗಾವಿಯಲ್ಲಿ, ರಾಮತೀರ್ಥ ನಗರದ ನಮ್ಮ ಮನೆಯಲ್ಲಿದ್ದಳು. ಅವಳ ಗಂಡನಿಗೆ ಹುಬ್ಬಳ್ಳಿಯಲ್ಲಿ ಕೆಲಸವಿತ್ತು. ಮನೆಯಲ್ಲಿ ಉಳಿದವರು ಅತ್ತೆ, ಮಾವ ಇಬ್ಬರೇ. ಅವರ ಊಟ ಅದೇ ಅಂಗಳದ ಆಚೆ ಭಾಗದಲ್ಲಿದ್ದ ದೊಡ್ಡ ಮಗನ ಮನೆಯಲ್ಲಿ. ಆ ದೊಡ್ಡ ಮಗ, ಎಂದರೆ ತಂಗಿಯ ಭಾವ, ಎರಡು ದಿನದ ಹಿಂದೆಯೇ ಫ್ರಿಜ್ಜಿನ ಪ್ಲಗ್ ಕಿತ್ತಿಟ್ಟಿದ್ದ.

"ಅಡಗಿ ಮಾಡದ ಮನ್ಯಾಗ ಅದ್ಯಾಕ ಸುಮ್ನ ಕರೆಂಟ್ ತಿನ್ನಬೇಕು?" ಎಂದ, ಕೇಳಿದ್ದಕ್ಕೆ.

"ಮಾಮಾನ ಔಷಧ ಅದರಾಗ ಇತ್ತಲ್ರೀ," ಎಂದಳು ತಂಗಿ.

"ಅದೇನು ಐಸ್‌ಕ್ರೀಮ್ ಏನು, ಕರಗಿ ಹೋಗಾಕ?"

ಮುದುಕರು ಆ ಬೆಚ್ಚಗಾದ ಬಾಟಲಿಯಿಂದಲೇ ಎರಡು ದಿನ ಚುಚ್ಚಿಕೊಂಡಿದ್ದರು. ಬಾಯಿ ಒಣಗುತ್ತದೆ, ಮೇಲಿಂದ ಮೇಲೆ ಉಚ್ಚೆಗೆ ಹೋಗಬೇಕೆನಿಸುತ್ತದೆ ಎಂದು ಮಂಚದ ಮೇಲೆ ಮಲಗಿದ್ದರು. ಅದೇ ಸಂಜೆ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಸಕ್ಕರೆ ಬಹಳ ಏರಿತ್ತು. ಡಾಕ್ಟರು ಬಾಟಲಿ ನೋಡಿ, "ಬಿಸಿಗೆ ಸಿಕ್ಕ ಇನ್ಸುಲಿನ್ ನಂಬಾಕ ಬರೂದಿಲ್ಲ, ಒಗೀರಿ," ಎಂದರು. ಇಂಥ ಬೇಸಿಗೆಯಲ್ಲಿ ಆರಿದ ಫ್ರಿಜ್ ಎಂದರೆ ಬಾಗಿಲು ಮುಚ್ಚಿದ ಕಬ್ಬಿಣದ ಪೆಟ್ಟಿಗೆ, ಅಷ್ಟೇ.

ಆ ಫ್ರಿಜ್ಜನ್ನು ನೋಡಿ ಗೊತ್ತುಮಾಡಿದವಳು ನಾನೇ. ಬೆಳಗಾವಿಯ ಒಂದು ಅಂಗಡಿಯಲ್ಲಿ ಫ್ರಿಜ್, ವಾಶಿಂಗ್ ಮಶೀನ್ ಮಾರುವುದು ನನ್ನ ಕೆಲಸ. ಸಂಕ್ರಾಂತಿಗೆ ತಂಗಿಗೆ ಒಂದೇ ಬಾಗಿಲಿನ ಎರಡು ಸ್ಟಾರಿನ ಫ್ರಿಜ್ ಕೊಡಿಸಿದ್ದೆ. ಅದಾಗಿ ಒಂದೆರಡು ತಿಂಗಳಲ್ಲೇ ಅವರ ಮನೆಯ ಬಿಲ್ಲು ಏರಿತು. ಎಂಬತ್ತರ ಸುಮಾರು ಇರುತ್ತಿದ್ದ ಯೂನಿಟ್ಟು ಇನ್ನೂರಿಪ್ಪತ್ತು ದಾಟಿ, ಇನ್ನೂರರೊಳಗಿದ್ದರೆ ಸಿಗುವ ಸರ್ಕಾರದ ಪುಕ್ಕಟೆ ಕರೆಂಟೂ ತಪ್ಪಿತ್ತು. ಅಂದಿನಿಂದ ಭಾವ ಅಂಗಳದಲ್ಲಿ ನಿಂತು, ಸಣ್ಣ ಸೊಸೆಯ ಫ್ರಿಜ್ಜೇ ಮನೆ ನುಂಗುತ್ತಿದೆ ಎಂದು ದಿನವೂ ಕೂಗುತ್ತಿದ್ದ. ಅತ್ತೆ ಅದನ್ನೇ ನಂಬಿದವರಂತೆ ರಾತ್ರಿ ಫ್ರಿಜ್ ಆರಿಸುತ್ತಿದ್ದರು. ಬೆಳಿಗ್ಗೆ ಹಚ್ಚಿದರೆ ಬಿಸಿಯಾದ ಪೆಟ್ಟಿಗೆಯನ್ನು ತಣ್ಣಗೆ ಮಾಡಲು ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿತ್ತು. ಹಾಗಾಗಿ ಉಳಿತಾಯವೇನೂ ಆಗುತ್ತಿರಲಿಲ್ಲ. ಇದನ್ನು ತಂಗಿ ನನಗೆ ಹೇಳಿಯೇ ಇರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅಳುತ್ತ ಹೇಳಿದಳು.

ಮರುದಿನ ಫ್ರಿಜ್ಜನ್ನು ತೊಳೆದು, ಅಡುಗೆ ಸೋಡಾ ನೀರಿನಲ್ಲಿ ಒರೆಸಿ ಹಚ್ಚಿದೆವು. ಎಷ್ಟು ತಿಕ್ಕಿದರೂ ಬಾಗಿಲ ರಬ್ಬರಿನ ಮಡಿಕೆಯಿಂದ ಹುಳಿ ವಾಸನೆ ಬರುತ್ತಲೇ ಇತ್ತು. ಒಂದು ಹಗಲು, ಒಂದು ರಾತ್ರಿ ಚೆನ್ನಾಗಿ ತಣ್ಣಗಾಗಲು ಬಿಟ್ಟೆ. ಆಮೇಲೆ ಎದುರಿಗೆ ಒಂದು ಸ್ಟೂಲ್ ಹಾಕಿಕೊಂಡು ಕುಳಿತೆ. ಅತ್ತೆಯನ್ನೂ ಕರೆದೆ.

"ಅತ್ತೀ, ಕುಂದರ್ರಿ. ಇದು ಎಷ್ಟು ತಿಂತೈತಿ, ಇಬ್ರೂ ನೋಡೂಣು."

ಬಾಗಿಲಿನ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಇನ್ನೂರ ಹದಿನಾರು ಯೂನಿಟ್ ಎಂದಿತ್ತು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಹದಿನೆಂಟು. ಆದರೆ ಅದು ಪರೀಕ್ಷೆಯ ಕೋಣೆಯ ಲೆಕ್ಕ. ಮನೆಯಲ್ಲಿ ಬಾಗಿಲು ತೆಗೆಯುತ್ತೇವೆ, ಬಿಸಿ ಇಡುತ್ತೇವೆ, ಬೇಸಿಗೆ ಬೇರೆ. ಅದಕ್ಕೇ ಕಂಪ್ರೆಸರ್ ಎಷ್ಟು ಹೊತ್ತು ಓಡುತ್ತದೆ ಎಂದು ಕಿವಿಗೊಟ್ಟು ಕೇಳಬೇಕು. ಗುಂಯ್ ಎನ್ನುವಾಗ ಓಡುತ್ತಿದೆ, ಸುಮ್ಮನಾದಾಗ ನಿಂತಿದೆ. ಮೂರು ತಾಸು ಕುಳಿತು ನೋಡಿದೆವು. ತಾಸಿಗೆ ಹೆಚ್ಚುಕಡಿಮೆ ಇಪ್ಪತ್ತೈದು ನಿಮಿಷ ಓಡುತ್ತಿತ್ತು. ಹಾಗಾದರೆ ದಿನಕ್ಕೆ ಹತ್ತು ತಾಸು. ಓಡುವಾಗ ಅದು ಎಳೆಯುವುದು ತೊಂಬತ್ತು ವ್ಯಾಟಿನ ಸುಮಾರು. ಹತ್ತು ತಾಸಿಗೆ ಒಂಬೈನೂರು. ಸಾವಿರ ಆದರೆ ಒಂದು ಯೂನಿಟ್. ದಿನಕ್ಕೆ ಒಂದು ಯೂನಿಟ್ಟೂ ಇಲ್ಲ, ತಿಂಗಳಿಗೆ ಇಪ್ಪತ್ತೇಳು.

"ಒಂದು ಕ್ಷಣಾನೂ ನಿಲ್ಲದ ಓಡಿದ್ರೂ ಅರವತ್ತೈದು ದಾಟೂದಿಲ್ರಿ," ಎಂದೆ. "ನಿಮ್ಮ ಬಿಲ್ಲು ಏರಿದ್ದು ನೂರಾ ನಲ್ವತ್ತು. ಉಳಿದದ್ದು ಎಲ್ಲಿ ಹೋತು?"

ಅತ್ತೆ ಬಾಗಿಲ ಕಡೆ ನೋಡಿದರು.

ನಾನು ಫ್ರಿಜ್ ಆರಿಸಿ, ದೀಪ, ಫ್ಯಾನು, ಟಿವಿ, ಎಲ್ಲ ಸ್ವಿಚ್ಚನ್ನೂ ಒಂದೊಂದಾಗಿ ಆರಿಸಿ ಹೊರಗೆ ಮೀಟರಿನ ಮುಂದೆ ನಿಂತೆ. ಅದರ ಕೆಂಪು ದೀಪ ಇನ್ನೂ ಮಿಣುಕುತ್ತಿತ್ತು. ಮನೆಯಲ್ಲಿ ಏನೂ ನಡೆಯುತ್ತಿಲ್ಲ, ಆದರೂ ಯಾರೋ ಉಣ್ಣುತ್ತಿದ್ದಾರೆ. ಬಚ್ಚಲ ಗೋಡೆಯ ಹಿಂದಿನಿಂದ ಒಂದು ಕರಿ ವೈರು ಹೋಗಿತ್ತು. ಅದರ ಬೆನ್ನು ಹತ್ತಿದೆ. ಅದು ಹಿತ್ತಿಲು ದಾಟಿ, ರಸ್ತೆ ಕಡೆಗಿದ್ದ ಭಾವನ ಅಂಗಡಿಯ ಹಿಂಗೋಡೆಯ ತೂತಿನಲ್ಲಿ ಇಳಿದಿತ್ತು.

ಒಳಗೆ, ಬೇಸಿಗೆ ಹತ್ತಿರವಾದಾಗ ಆತ ತಂದಿಟ್ಟ ತಂಪು ಪಾನೀಯದ ಹಳೆಯ ಡೀಪ್ ಫ್ರೀಜರ್ ಇತ್ತು. ಮುಚ್ಚಳದ ರಬ್ಬರು ಹರಿದು ತಂಪೆಲ್ಲ ಸೋರುತ್ತಿತ್ತು, ಹಿಂದಿನ ಜಾಲರಿಗೆ ಎಣ್ಣೆ ಧೂಳು ಮೆತ್ತಿ ಜಿರಲೆ ಹರಿದಾಡುತ್ತಿದ್ದವು. ನಾನು ನಿಂತಷ್ಟು ಹೊತ್ತೂ ಅದರ ಕಂಪ್ರೆಸರ್ ನಿಲ್ಲಲೇ ಇಲ್ಲ. ಅಂಥದ್ದು ದಿನಕ್ಕೆ ನಾಲ್ಕು ಯೂನಿಟ್ ಆರಾಮಾಗಿ ತಿನ್ನುತ್ತದೆ. ಅಂಗಡಿಯ ಮೀಟರಿನ ದರ ಹೆಚ್ಚು, ಮನೆಯದು ಆಗ ಪುಕ್ಕಟೆ ಇತ್ತು. ಅದಕ್ಕೇ ತಂದೆ-ತಾಯಿಯ ಮೀಟರಿಗೆ ವೈರು ಹಚ್ಚಿದ್ದ.

ದುಡ್ಡಿನ ಗಲ್ಲೆಯ ಮುಂದೆ ಕುಳಿತಿದ್ದ ಆತ ನನ್ನನ್ನು ನೋಡಿ ಎದ್ದೂ ನಿಲ್ಲಲಿಲ್ಲ.

"ಅಣ್ಣಾರ, ಈ ವೈರು ಎಲ್ಲಿಂದ ಬಂದೈತ್ರಿ?"

"ನಮ್ಮಪ್ಪನ ಮನಿ, ನನ್ನ ಅಂಗಡಿ. ನಡುವ ನಿಮ್ಮದೇನು ಅಕ್ಕಾರ?"

"ನಿಮ್ಮಪ್ಪ ದವಾಖಾನಿಯೊಳಗ ಅದಾರ."

"ಮುದುಕಾದವ್ರಿಗೆ ಬ್ಯಾನಿ ಬರ್ತಾವ," ಎಂದು ಹೇಳಿ ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ ಕುಳಿತ. "ತಂಪು ಕುಡೀತೀರಿ?"

ನಾನು ಅಂಗಡಿಯಿಂದ ಹೊರಗೆ ಬಂದೆ. ಕಳ್ಳತನಕ್ಕಿಂತ, ಆ ಕಳ್ಳತನ ಮುಚ್ಚಲು ತಿಂಗಳಾನುಗಟ್ಟಲೆ ಒಬ್ಬ ಹೆಣ್ಣುಮಗಳನ್ನು ಅಂಗಳದಲ್ಲಿ ನಿಲ್ಲಿಸಿ ಬೈದದ್ದು ನನ್ನಿಂದ ನುಂಗಲಾಗಲಿಲ್ಲ.

ಅತ್ತೆಗೆ ವೈರು ತೋರಿಸಿದೆ. "ಮಾಹಿತ್ ಇತ್ತವ್ವಾ," ಎಂದರು ಮೆಲ್ಲಗೆ. "ಹಿರೇ ಮಗ ಅಂತ ಸುಮ್ನಿದ್ದೆ. ಈ ಮಾತ ಮಂದಿ ಮುಂದ ತಗೀಬ್ಯಾಡ." ಮೂರು ತಾಸು ನನ್ನ ಪಕ್ಕದಲ್ಲಿ ಕುಳಿತು ಆ ಲೆಕ್ಕಕ್ಕೆಲ್ಲ ತಲೆಯಾಡಿಸಿದ್ದ ಹೆಂಗಸು. ಅವರ ಕೈಯಿಂದ ನೀರು ಇಸಿದುಕೊಳ್ಳಲೂ ನನಗೆ ಮನಸ್ಸಾಗಲಿಲ್ಲ.

ತಂಗಿಯ ಗಂಡ ಹುಬ್ಬಳ್ಳಿಯಿಂದ ಬಂದವನೇ ವೈರಮನ್ ಕರೆಸಿ ಆ ವೈರು ಬಿಚ್ಚಿಸಿದ. ಅಣ್ಣ ಮೂರನೆಯ ದಿನ ಮತ್ತೆ ಹಚ್ಚಿಕೊಂಡ. ಆಗ ತಂಗಿ, ಅವಳ ಗಂಡ ರೈಲು ಸ್ಟೇಷನ್ ಹತ್ತಿರ ಬೇರೆ ಮನೆ ಹಿಡಿದರು. ಆಸ್ಪತ್ರೆಯಿಂದ ಬಿಟ್ಟ ಮಾವ ಹಿರಿಯ ಮಗನ ಅಂಗಳಕ್ಕೆ ಹೋಗಲಿಲ್ಲ. "ಸಣ್ಣಾಕಿ ಕೈಯಾಗ ನನ್ನ ಔಷಧ ಐತಿ," ಎಂದು ಕಿರಿಯವರ ಜೊತೆಗೇ ರಿಕ್ಷಾ ಹತ್ತಿದರು. ಅತ್ತೆ ಹಳೆಯ ಮನೆಯಲ್ಲೇ ಉಳಿದರು. ಹೊಸ ಮನೆಯ ಮೊದಲ ಪೂರ್ತಿ ತಿಂಗಳ ಬಿಲ್ಲು ಫ್ರಿಜ್ ಹಗಲು ರಾತ್ರಿ ಓಡಿಯೂ ತೊಂಬತ್ತೊಂದು ಯೂನಿಟ್.

ನಾನು ಈಗಲೂ ಖಾನಾಪುರಕ್ಕೆ ಹೋಗುತ್ತೇನೆ. ಸಂತೆಯ ದಾರಿಯಲ್ಲಿ ಆ ಮನುಷ್ಯ ಎದುರಾದರೆ ಏನೂ ಆಗಿಲ್ಲದವನಂತೆ, "ಆರಾಮ ಏನ್ರಿ ಅಕ್ಕಾರ?" ಎನ್ನುತ್ತಾನೆ. ಇಲ್ಲಿಯವರೆಗೂ ನಾನು ಉತ್ತರ ಕೊಟ್ಟಿಲ್ಲ.