ಶೀನಣ್ಣ ಬರೆದುಕೊಟ್ಟ ಒಂದೂವರೆ ನಿಮಿಷ

ಚಾಮರಾಜಪೇಟೆಯ ಶೀನಣ್ಣನ ಟೈಪಿಂಗ್ ಅಂಗಡಿಗೆ ರೆಸ್ಯೂಮೆ ಹಿಡಿದು ಬಂದವರಿಗೆ ಮೊದಲ ಬೈಗುಳ ಗ್ಯಾರಂಟಿ. ಹಾಳೆಯನ್ನು ಕಿತ್ತುಕೊಂಡು ಮೇಜಿನ ಮೇಲೆ ಬೋರಲು ಹಾಕುತ್ತಿದ್ದ.

"ಇದು ಇಂಟರ್‌ವ್ಯೂ ಮಾಡೋರ ಕೈಲೇ ಇರುತ್ತಲ್ಲ, ಅದನ್ನೇ ಓದಿ ಹೇಳೋಕೆ ನೀನ್ಯಾಕೆ ಹೋಗ್ಬೇಕು? ನಿಮ್ಮಪ್ಪನ ಹೆಸ್ರು, ಊರು, ಹಾಬಿ ಯಾರಿಗ್ ಬೇಕು? ಬಾಯಿಬಿಟ್ಟು ಮಾತಾಡು!"

ಮೂವತ್ತೈದು ವರ್ಷ ಇತರರ ಅರ್ಜಿ ಟೈಪ್ ಮಾಡಿದವನು. 'ನಿಮ್ಮ ಬಗ್ಗೆ ಹೇಳಿ' ಅಂದ ಕೂಡಲೇ ಜನ ಗಿಳಿಪಾಠ ಒಪ್ಪಿಸಿ ಸೋತು ಬರುವುದನ್ನು ನೋಡಿ ನೋಡಿ ಬೇಸತ್ತು, ತಾನೇ ಒಂದು ದಾರಿ ಕಂಡುಕೊಂಡಿದ್ದ. ಮೊದಲು ಅವರನ್ನು ಮಾತಾಡಿಸುವುದು, ಅವರ ಮಾತನ್ನೇ ಟೈಪ್ ಮಾಡುವುದು. ಒಂದು ಉಸಿರಿಗೆ ದಕ್ಕದ ವಾಕ್ಯ ಮುರಿಯುವುದು. ಏನು ಮಾಡಿದ್ದೀರಿ, ಅದರಿಂದ ಏನು ಕಲಿತಿರಿ, ಈ ಕೆಲಸಕ್ಕೆ ಅದು ಹೇಗೆ ಒದಗುತ್ತದೆ, ಅಷ್ಟೇ. ಒಂದೂವರೆ ನಿಮಿಷ ದಾಟಿದರೆ ಮತ್ತೆ ಕತ್ತರಿ.

ಯಶಶ್ರೀ ಬಂದಾಗ ಅವಳ ರೆಸ್ಯೂಮೆಯಲ್ಲಿ ನಾಲ್ಕು ವರ್ಷ ಖಾಲಿ ಇತ್ತು. ಬಸವನಗುಡಿಯ ಒಂದು ಆಸ್ಪತ್ರೆಯ ರಿಸೆಪ್ಷನ್‌ಗೆ ಸೋಮವಾರ ಇಂಟರ್‌ವ್ಯೂ. ಅಪ್ಪ ಪುಟ್ಟಯ್ಯ ತೀರಿಕೊಂಡು ತಿಂಗಳಾಗಿತ್ತು. ಅಣ್ಣನ ಮನೆಯಲ್ಲಿ ಅತ್ತಿಗೆ, ಕೆಲಸ ಸಿಗದಿದ್ದರೆ ಬೇರೆ ದಾರಿ ನೋಡ್ಕೋ ಎಂದು ಮುಖಕ್ಕೇ ಹೇಳಿಬಿಟ್ಟಿದ್ದಳು. ಖಾಲಿ ವರ್ಷಗಳ ಮಾತೆತ್ತಿದರೆ ಹುಡುಗಿ ಮಾತನ್ನೇ ಬೇರೆಡೆಗೆ ತಿರುಗಿಸುತ್ತಿದ್ದಳು. ಶೀನಣ್ಣ ಎರಡು ಲೋಟ ಕಾಫಿ ತರಿಸಿ ಕಾದ. ಕೊನೆಗೆ ಅವಳು ಹೇಳಿದ್ದನ್ನೇ ಟೈಪ್ ಮಾಡಿದ:

"ಮೂರು ವರ್ಷ ಲ್ಯಾಬ್ ಕೌಂಟರಲ್ಲಿದ್ದೆ. ಆಮೇಲೆ ಅಪ್ಪಂಗೆ ಸ್ಟ್ರೋಕ್ ಆಯ್ತು, ಮಾತು ಹೋಯ್ತು. ನಾಲ್ಕು ವರ್ಷ ಅವ್ರ ಕಣ್ಣು ನೋಡಿ ಏನು ಬೇಕು ಅಂತ ತಿಳ್ಕೊಂಡೆ. ಆಸ್ಪತ್ರೆಗೆ ಬರೋರಲ್ಲೂ ಎಷ್ಟೋ ಜನ ಹೇಳಕ್ಕಾಗ್ದೆ ನಿಂತಿರ್ತಾರೆ. ಅವರನ್ನ ಕೇಳಿಸ್ಕೊಳ್ಳೋದು ನಂಗೆ ಬರುತ್ತೆ."

ಶೀನಣ್ಣನಿಗೇ ಕಣ್ಣು ತುಂಬಿತು. "ಇಷ್ಟೇ ಹೇಳಮ್ಮ, ಒಂದಕ್ಷರ ಸೇರಿಸ್ಬೇಡ," ಎಂದ.

ಮಾರನೆಯ ದಿನ ಆಕರ್ಷ ಎಂಬ ಹುಡುಗ ಬಂದ. ಆಗಷ್ಟೇ ಬಿ.ಕಾಂ. ಮುಗಿಸಿದ್ದ, ಅವನಿಗೂ ಆಸ್ಪತ್ರೆಯೊಂದರ ರಿಸೆಪ್ಷನ್‌ಗೇ ಇಂಟರ್‌ವ್ಯೂ. ಎಷ್ಟು ಕೆದಕಿದರೂ ಅವನಿಂದ ಹೊರಟಿದ್ದು 'ಹಾರ್ಡ್ ವರ್ಕರ್' ಒಂದೇ. ಅಂಗಡಿ ತುಂಬ ಜನ. ಆಗ ಶೀನಣ್ಣನ ಕೈಗೆ ಹಳೆಯ ಚಾಳಿ ಹತ್ತಿತು. ರಜಾ ಅರ್ಜಿ, ಅಫಿಡವಿಟ್ಟು, ಏನೇ ಇರಲಿ, ಹಿಂದಿನ ಪ್ರತಿ ತೆಗೆದು ಹೆಸರು ಬದಲಾಯಿಸಿ ಮ್ಯಾಟರ್ ಹಾಗೇ ಉಳಿಸುವುದು. ಯಶಶ್ರೀಯ ಫೈಲ್ ತೆರೆದ. ಲ್ಯಾಬಿನ ಸಾಲು ಅಳಿಸಿದ. ಅಪ್ಪ ಇದ್ದಲ್ಲಿ ಅಜ್ಜಿ, ನಾಲ್ಕು ವರ್ಷ ಇದ್ದಲ್ಲಿ ಎರಡು. ಉಳಿದದ್ದು ಹಾಗೇ. ಹುಡುಗನಿಗೂ ಖುಷಿಯೋ ಖುಷಿ. ಯಾವ ಆಸ್ಪತ್ರೆ ಎಂದು ಶೀನಣ್ಣ ಕೇಳಲಿಲ್ಲ. ಅದೇನು ದರಿದ್ರ ಬುದ್ಧಿಯೋ, ಅಷ್ಟೊಂದು ಮಾತಿನ ಮನುಷ್ಯನಿಗೆ ಆ ಒಂದು ಮಾತು ಹೊಳೆಯಲಿಲ್ಲ!

ಸೋಮವಾರ ಮಧ್ಯಾಹ್ನ ಯಶಶ್ರೀ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು.

"'ಕಣ್ಣು ನೋಡಿ' ಅಂದೆ, ಇಂಟರ್‌ವ್ಯೂ ಮಾಡ್ತಿದ್ದ ಮೇಡಂ ನಕ್ಬಿಟ್ರು. ಬೆಳಗ್ಗೆ ಒಬ್ಬ ಹುಡುಗ ಇದನ್ನೇ ಹೇಳ್ದ, ಇದೇನು ಯೂಟ್ಯೂಬಲ್ಲಿ ಸಿಗುತ್ತಾ ಅಂದ್ರು. ನಮ್ಮಪ್ಪ ಸತ್ತಿದ್ದು ನಿಜ ಮೇಡಂ ಅಂದೆ. ಎಲ್ರೂ ಹಾಗೇ ಅಂತಾರೆ ಅಂದ್ರು."

ಶೀನಣ್ಣ ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿದ. "ಅದು ನಂದೇ ತಪ್ಪಮ್ಮ. ನಿನ್ ಮಾತು ನಾನೇ ಅವನಿಗೆ ಕೊಟ್ಟೆ," ಎಂದು ಹೇಳಿ, ಶಟರ್ ಎಳೆದು, ಅವಳನ್ನೂ ಆಟೋ ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿದ.

ಆ ಮೇಡಂ ಒರಟಾಗೇನೂ ಮಾತಾಡಲಿಲ್ಲ. ಎಲ್ಲ ಕೇಳಿಸಿಕೊಂಡರು.

"ಹಾಗಾದ್ರೆ ಇಬ್ಬರಿಗೂ ಬರ್ಕೊಟ್ಟಿದ್ದು ನೀವೇ ಅಲ್ವಾ?"

"ಬರೆದಿದ್ದು ನಾನೇ ಮೇಡಂ. ಆದ್ರೆ ಈಕೆಯದು ನಿಜ."

"ನಿಜ ಯಾವುದು, ನೀವು ಬರೆದಿದ್ದು ಯಾವುದು ಅಂತ ನಾನು ಹೇಗ್ ತಿಳ್ಕೊಳ್ಲಿ ಸರ್? ಪೋಸ್ಟ್ ತುಂಬಿ ಆಯ್ತು, ಕ್ಷಮಿಸಿ."

ಶೀನಣ್ಣ ಕೈಮುಗಿದು ಹೊರಬಂದ. ನಾಚಿಕೆಯಿಂದ ಯಶಶ್ರೀಯ ಮುಖ ನೋಡಲಾಗದೆ ಮೆಟ್ಟಿಲಿಳಿದ.

ಅಂಗಡಿಗೆ ಮರಳಿ, ಆ ಫೈಲನ್ನು ಅಳಿಸಿ, ಹೊಸ ಹಾಳೆ ತೆರೆದ.

"ಬೇರೆ ಕಡೆ ನೋಡೋಣಮ್ಮ. ಹೊಸದಾಗಿ ಬರ್ಕೊಡ್ತೀನಿ. ಹೇಳು, ನಿನ್ ಬಗ್ಗೆ ಹೇಳು."

ಯಶಶ್ರೀ ಹೇಳಲು ಬೇರೇನಾದರೂ ಇದೆಯಾ ಎಂದು ಯೋಚಿಸಿದಳು. ಪಾಪ, ನಿಜವಾಗಿಯೂ ಹುಡುಕಿದಳು.

"ಬೇರೆ ಏನ್ ಹೇಳ್ಲಿ ಶೀನಣ್ಣ? ನಾಲ್ಕು ವರ್ಷ ನಾನು ಬೇರೆ ಏನೂ ಮಾಡಿಲ್ಲ. ಈಗ ಅದನ್ನ ಬಾಯಿಗೆ ತಂದ್ರೆ ನಂಗೇ ಸುಳ್ಳು ಹೇಳ್ದಂಗಾಗುತ್ತೆ."

ಮೊದಲ ದಿನದಿಂದ ಮೇಜಿನ ಮೇಲೆ ಬೋರಲು ಬಿದ್ದಿದ್ದ ತನ್ನ ರೆಸ್ಯೂಮೆಯನ್ನು ಎತ್ತಿ ಮಡಚಿಕೊಂಡು ಅವಳು ಎದ್ದು ಹೋದಳು.