ಮಹೇಶ್ವರಿ ಟೀಚರ್ ಹಾಕಿಸಿದ ಕುರ್ಚಿಗಳು

ಬನವಾಸಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಹೇಶ್ವರಿ ಟೀಚರಿಗೆ ವಾರ್ಷಿಕೋತ್ಸವವೆಂದರೆ ಸೊಂಟನೋವು. ಸಭಾಂಗಣದಲ್ಲಿ ಕುರ್ಚಿ ಹಾಕಿಸುವ ಕೆಲಸ ಪ್ರತಿವರ್ಷ ಅವರ ತಲೆಗೇ. ಮೊದಲ ಸಾಲಿಗೆ ಎಂಟು, ಹಿಂದಿನ ಪ್ರತಿ ಸಾಲಿಗೂ ಎರಡು ಹೆಚ್ಚು, ಹತ್ತನೆಯದಕ್ಕೆ ಇಪ್ಪತ್ತಾರು.

ಒಟ್ಟು ಎಷ್ಟು ಕುರ್ಚಿ ಬೇಕೆಂದು ಹತ್ತನೇ ತರಗತಿಯ ಸೌಮ್ಯ ಸಾಲುಸಾಲಾಗಿ ಕೂಡಿಸತೊಡಗಿದಳು.

“ಹಂಗಲ್ಲವ್ವಾ. ಮೊದಲ್ನೇದು, ಕೊನೇದು ಸೇರಿ ಮೂವತ್ನಾಲ್ಕು. ಎರಡನೇದು, ಒಂಬತ್ತನೇದು?”

“ಹತ್ತು, ಇಪ್ಪತ್ನಾಲ್ಕು. ಅದೂ ಮೂವತ್ನಾಲ್ಕೇ ರೀ!”

“ಮುಂದಿಂದ ಎರಡು ಏರತದ, ಹಿಂದಿಂದ ಎರಡು ಇಳೀತದ. ಹತ್ತು ಸಾಲಿಗೆ ಐದು ಜೋಡಿ. ಮೊದಲ್ನೇದು, ಕೊನೇದು ಕೂಡ್ಸಿ ಸಾಲೆಷ್ಟೋ ಅದರ ಅರ್ಧದಿಂದ ಗುಣಿಸು. ಸೂತ್ರ ಅಷ್ಟೇ.”

ನೂರ ಎಪ್ಪತ್ತು. ಸಂಜೆ ಒಂದೂ ಖಾಲಿ ಉಳಿಯಲಿಲ್ಲ. ಟೀಚರು ಎಂದಿನಂತೆ ಗೋಡೆಗೆ ಒರಗಿದರು.

“ಲೆಕ್ಕ ಸರಿ ಇತ್ತಲ್ರಿ, ನಿಮಗ್ಯಾಕ ಕುರ್ಚಿ ಇಲ್ಲ?” ಸೌಮ್ಯ ಕೇಳಿದಳು.

“ಅದು ಕೂರೋರ ಲೆಕ್ಕ ಅವ್ವಾ, ಹಾಕ್ಸೋರದ್ದಲ್ಲ.”