ನಾಲ್ಕನೆಯ ಗೆರೆಯ ಮೇಲಿನ ಸ್ವರ

ಬ್ಯಾಂಡ್ ಮಾಸ್ಟರ್ ಏಕಾಂತಯ್ಯನವರ ಶವಯಾತ್ರೆಯ ಟ್ಯೂನನ್ನು ತುಮಕೂರಿನ ಡಿಟಿಪಿ ಅಂಗಡಿಯ ಹೆಂಗಸೊಬ್ಬಳು ಬೇಕೆಂದೇ ಕೆಡಿಸಿದಳು ಎಂಬ ಮಾತು ಕುಣಿಗಲ್ಲಿನ ಬ್ಯಾಂಡ್‌ಸೆಟ್ಟಿನವರ ನಡುವೆ ಓಡಾಡುತ್ತಿದೆ. ಮುದುಕ ದಿನಕ್ಕೆರಡು ಸಲ ಫೋನು ಮಾಡಿ ಪ್ರಾಣ ಹಿಂಡುತ್ತಿದ್ದನಂತೆ, ಆ ಸಿಟ್ಟಿಗೆ ಕಂಪ್ಯೂಟರಿನಲ್ಲಿ ಎರಡು ಸ್ವರಗಳನ್ನು ತಿರುಚಿ ಕೈತೊಳೆದುಕೊಂಡಳಂತೆ.

ಈ ಮಾತಿನಲ್ಲಿ ಮೂರು ತಪ್ಪುಗಳಿವೆ. ಏಕಾಂತಯ್ಯ ಅವಳಿಗೆ ಒಮ್ಮೆಯೂ ಫೋನು ಮಾಡಿರಲಿಲ್ಲ. ಆ ಅಂಗಡಿಯ ವಾಣಿಶ್ರೀಗೆ ಅವರ ಮೇಲೆ ಸಿಟ್ಟಿರಲಿಲ್ಲ. ಅವಳು ಕೆಡಿಸಿದ್ದು ಎರಡು ಸ್ವರಗಳನ್ನಲ್ಲ, ಒಂದನ್ನು. ಇನ್ನೊಂದು ಮೊದಲೇ ಕೆಟ್ಟಿತ್ತು. ಅದನ್ನು ಸರಿಪಡಿಸಲೆಂದೇ ಏಕಾಂತಯ್ಯ ಅವಳನ್ನು ಹುಡುಕಿಕೊಂಡು ಬಂದಿದ್ದರು.

ವಾಣಿಶ್ರೀ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದವಳು. ಪಿಯುಸಿ ಮುಗಿಸಿ, ಗುಬ್ಬಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ರವಿಕಿರಣನನ್ನು ಮದುವೆಯಾಗಿ ತುಮಕೂರಿಗೆ ಬಂದಳು. ಹತ್ತೊಂಬತ್ತು ವರ್ಷಗಳಿಂದ ಅದೇ ಅಂಗಡಿ, ಅದೇ ಕುರ್ಚಿ. ಕಂಪ್ಯೂಟರು ಮಾತ್ರ ನಾಲ್ಕನೆಯದು. ಲಗ್ನಪತ್ರಿಕೆ, ಕರಪತ್ರ, ಪ್ರಬಂಧಗಳ ಟೈಪಿಂಗು ಎಲ್ಲವೂ ಅವಳ ಕೆಲಸವೇ. ಆದರೆ ಅವಳಿಗೆ ಹೆಸರು ತಂದದ್ದು ಸತ್ತವರ ಚಿತ್ರಗಳು. ಗುಂಪು ಫೋಟೊದ ಮೂಲೆಯಲ್ಲಿ ಅರೆಮುಖ ಕಾಣುವ ತಾತನನ್ನು ಹೊರತೆಗೆದು, ಬನಿಯನ್ನಿನ ಮೇಲೆ ಅಂಗಿ ತೊಡಿಸಿ, ಹೆಗಲ ಮೇಲಿದ್ದ ಬೇರೆಯವರ ಕೈಯನ್ನು ಅಳಿಸಿ, ಶ್ರದ್ಧಾಂಜಲಿ ಬ್ಯಾನರಿಗೆ ಹೊಂದಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕೈ ಅಳಿಸಿದ ಜಾಗ ಎಲ್ಲಿಯೆಂದು ಹೆತ್ತ ಮಕ್ಕಳಿಗೂ ತಿಳಿಯುತ್ತಿರಲಿಲ್ಲ.

ಈ ಹೆಸರನ್ನು ಕೇಳಿಯೇ ಏಕಾಂತಯ್ಯ ಬಂದಿದ್ದರು. ಪೊಲೀಸ್ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿಯೊನೆಟ್ ಊದಿ, ಕೊನೆಗೆ ಬ್ಯಾಂಡ್ ಮಾಸ್ಟರಾಗಿ ನಿವೃತ್ತರಾದವರು. ಗಂಟಲಿಗೆ ಆಪರೇಷನ್ ಆಗಿತ್ತು. ಕೊರಳಿಗೆ ಸುತ್ತಿದ ಟವಲಿನ ಒಳಗಿಂದ ಗಾಳಿಯಂತೆ ಮಾತು ಬರುತ್ತಿತ್ತು.

"ಇದು ಸ್ಲೋ ಮಾರ್ಚು ಕಣಮ್ಮ. ಸತ್ತೋರನ್ನ ಕಳಿಸಿಕೊಡೋ ಟ್ಯೂನು. ನಾನೇ ಮಾಡಿದ್ದು, ನಾನೇ ಬರ್ದಿದ್ದು," ಎಂದು ಅವರು ಪ್ಲಾಸ್ಟಿಕ್ ಫೈಲಿನಿಂದ ಒಂದು ಹಳದಿ ಹಾಳೆಯನ್ನು ತೆಗೆದರು. ಐದೈದು ಗೆರೆಗಳ ಆರು ಸಾಲು. ಗೆರೆಗಳ ಮೇಲೂ ನಡುವೆಯೂ ಕಾಲಿರುವ ಮೊಟ್ಟೆಗಳಂತೆ ಸ್ವರಗಳು.

"ನಂಗೆ ಇದು ಓದೋಕೆ ಬರಲ್ಲ ಸಾರ್."

"ನೀನು ಓದ್ಬೇಡ, ಬರೀ ನೋಡು. ನೋಡೋಕ್ ಬರ್ತದಲ್ಲ?"

ಅವರು ಸಣ್ಣ ಧ್ವನಿಯಲ್ಲಿ, ನಡುನಡುವೆ ನೀರು ಗುಟುಕರಿಸುತ್ತ ವಿವರಿಸಿದರು. ಕ್ಲಾರಿಯೊನೆಟ್ಟಿನವರಿಗೆ ಸ್ವರವನ್ನು ಕೇಳಬೇಕಾದ ಎತ್ತರಕ್ಕಿಂತ ಒಂದು ಮೆಟ್ಟಿಲು ಮೇಲೆ ಬರೆದುಕೊಡಬೇಕು. ವಾದ್ಯದ ಸ್ವಭಾವವೇ ಹಾಗೆ. ಮೂಲ ಪ್ರತಿಯಿಂದ ಹಾಗೆ ಏರಿಸಿ ಬರೆಯುವಾಗ ಒಂದೇ ಒಂದು ಸ್ವರವನ್ನು ಏರಿಸಲು ಮರೆತಿದ್ದರು. ಕೆಲಸದಲ್ಲಿದ್ದಷ್ಟು ದಿನ ಎದುರಿಗೆ ನಿಂತು ಹೇಳುತ್ತಿದ್ದರು, ಹುಡುಗರು ನೆನಪಿಟ್ಟುಕೊಂಡು ಸರಿಯಾಗಿಯೇ ಊದುತ್ತಿದ್ದರು. ಈಗ ಆ ಹುಡುಗರಿಲ್ಲ. ಈ ಟ್ಯೂನನ್ನು ಇನ್ನೂ ಬಾರಿಸುವವನು ಕುಣಿಗಲ್ಲಿನ ದಯಾನಂದ, ಅವರ ಶಿಷ್ಯ. ಅವನ ಸೆಟ್ಟಿಗೆ ಒಂದೊಂದು ದಿನ ಒಂದೊಂದು ಊರಿನ ಕ್ಲಾರಿಯೊನೆಟ್ಟಿನವರು ಬರುತ್ತಾರೆ. ಹಾಳೆಯಲ್ಲಿ ಇದ್ದದ್ದನ್ನು ಊದಿ ಹೋಗುತ್ತಾರೆ.

"ಪೆನ್ನಲ್ಲಿ ತಿದ್ದಿಕೊಳ್ಳಿ ಅಂದ್ಬುಡ್ಬೋದಿತ್ತಲ್ವಾ ಸಾರ್?"

ಏಕಾಂತಯ್ಯ ಬಲಗೈಯನ್ನು ಮೇಜಿನ ಮೇಲೆ ಚಾಚಿದರು. ಬೆರಳುಗಳು ತಮ್ಮಷ್ಟಕ್ಕೆ ಕುಣಿಯುತ್ತಿದ್ದವು. "ನನ್ ಕೈಯಲ್ಲಿ ಆಗಲ್ಲ. ಬೇರೆಯೋರ ಕೈಗೆ ಕೊಟ್ರೆ ಕಾಗ್ದ ಹರೀತದೆ. ಗೆರೆ ಗೀಚಾದ್ರೆ ಮೇಲಿಂದೋ ಕೆಳಗಿಂದೋ ಗೊತ್ತಾಗ್ದೆ ಊದೋನು ತಡವರಿಸ್ತಾನೆ." ಆಮೇಲೆ ನಕ್ಕರು. "ನಂಗೇ ಇದನ್ನ ಬಾರಿಸೋ ದಿನ ಹತ್ರ ಬಂದದೆ ಕಣ್ ತಾಯಿ. ಮಲಗಿರೋನು ಎದ್ದು ಕೂತ್ಕೊಂಡು, ಲೇ, ಅಲ್ಲಿ ತಪ್ಪು ಅನ್ನೋಕಾಗಲ್ಲವಲ್ಲ."

ಅವರು ಹೋಗುವ ಮುನ್ನ ಚೀಟಿಯೊಂದನ್ನು ಬರೆಸಿದರು. ಬರೆದವಳು ಅವಳೇ. "ಹನ್ನೊಂದನೇ ಬಾರ್. ಎರಡನೇ ಸ್ವರ. ನಾಲ್ಕನೇ ಗೆರೆ ಮೇಲಿರುವ ಖಾಲಿ ಹೊಟ್ಟೆಯದು. ಅದರ ಮೇಲಿನ ಸಂದಿಗೆ ಏರಿಸುವುದು." ಗೆರೆಗಳನ್ನು ಕೆಳಗಿನಿಂದ ಎಣಿಸಬೇಕು, ಬಾರ್ ಎಂದರೆ ಎರಡು ಅಡ್ಡಗೋಡೆಗಳ ನಡುವಿನ ಒಂದು ಮನೆ ಎಂದು ಬೆರಳಿಟ್ಟು ತೋರಿಸಿದರು. ಹೊರಗೆ ಆಟೊದಲ್ಲಿ ಮಗಳು ಶಿಲ್ಪಾ ಕಾಯುತ್ತಿದ್ದಳು, ಆಸ್ಪತ್ರೆಗೆ ಹೊತ್ತಾಗಿತ್ತು. ಸ್ವರವನ್ನೇ ಬೆರಳಿಟ್ಟು ತೋರಿಸುವುದು ಇಬ್ಬರಿಗೂ ಹೊಳೆಯಲಿಲ್ಲ.

ವಾಣಿಶ್ರೀ ಹಾಳೆಯನ್ನು ಆರುನೂರು ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದಳು. ಮೂಲ ಫೈಲನ್ನು ಮುಟ್ಟದೆ ಪಕ್ಕಕ್ಕಿಟ್ಟು, ಅದರ ನಕಲನ್ನು ತೆರೆದಳು. ಎಡಗಡೆಯ ಮೊದಲ ಮನೆಯಿಂದ ಎಣಿಸುತ್ತ ಬಂದಳು. ಒಂದು, ಎರಡು, ಮೂರು... ಹನ್ನೊಂದು. ಎರಡನೇ ಸ್ವರ ಖಾಲಿ ಹೊಟ್ಟೆಯದೇ. ನಾಲ್ಕನೇ ಗೆರೆ ಅದರ ಹೊಟ್ಟೆಯನ್ನು ಸೀಳಿಕೊಂಡು ಹೋಗಿತ್ತು. ಚೀಟಿಯಲ್ಲಿದ್ದಂತೆಯೇ ಇತ್ತು.

ಸ್ವರವನ್ನು ಕತ್ತರಿಸಿ ಮೇಲಕ್ಕೆ ಸರಿಸಿದರೆ ಸಾಲದು ಎಂಬುದು ಅವಳಿಗೆ ನೋಡುತ್ತಿದ್ದಂತೆಯೇ ತಿಳಿಯಿತು. ಗೆರೆಯ ಮೇಲಿನ ಖಾಲಿ ಸ್ವರದೊಳಗೆ ಗೆರೆಯ ತುಂಡೊಂದು ಇರುತ್ತದೆ. ಸಂದಿಯಲ್ಲಿರುವುದರ ಹೊಟ್ಟೆ ನಿಜಕ್ಕೂ ಖಾಲಿ. ಸರಿಸಿದರೆ ಆ ತುಂಡೂ ಜೊತೆಗೆ ಹೋಗುತ್ತದೆ, ಕೆಳಗೆ ಗೆರೆಯಲ್ಲಿ ಹಲ್ಲು ಕಿತ್ತಂಥ ಬಿಲ ಉಳಿಯುತ್ತದೆ. ಅವಳು ಅದೇ ಸಾಲಿನಲ್ಲಿ, ಸ್ವರದ ಪಕ್ಕದಲ್ಲೇ ಬರಿಗೆರೆಗಳಿದ್ದ ಇಷ್ಟಗಲದ ಪಟ್ಟಿಯನ್ನು ನಕಲು ಮಾಡಿ ಸ್ವರದ ಮೇಲೆ ಹೊದಿಸಿದಳು. ದೂರದ ಪಟ್ಟಿ ಆಗುತ್ತಿರಲಿಲ್ಲ. ಕೈಯಿಂದ ಎಳೆದ ಗೆರೆಗಳು ಬಲಕ್ಕೆ ಹೋದಂತೆ ಇಳಿದಿದ್ದವು, ಒಂದು ಕಡೆ ಶಾಯಿ ದಪ್ಪ, ಇನ್ನೊಂದು ಕಡೆ ತೆಳುವು. ಪಟ್ಟಿಯನ್ನು ಕೂದಲೆಳೆಯಷ್ಟು ತಿರುಗಿಸಿ ಐದೂ ಗೆರೆಗಳ ತುದಿಯನ್ನು ಕೂಡಿಸಿದಳು. ಸ್ವರ ಮಾಯವಾಯಿತು. ಬಳಿಕ ಐದನೆಯ ಸಾಲಿನಲ್ಲಿ ಅದೇ ಸಂದಿಯಲ್ಲಿ ಕೂತಿದ್ದ ಇನ್ನೊಂದು ಖಾಲಿ ಸ್ವರವನ್ನು, ಎಡಗಡೆಯಿಂದ ಕೆಳಕ್ಕಿಳಿವ ಅದರ ಕಡ್ಡಿಯೊಂದಿಗೆ ಸುತ್ತಲೂ ಕೊರೆದು ತಂದು ಇಟ್ಟಳು. ಕಾಗದದ ಬಿಳುಪು ಬರಬಾರದು, ಮಸಿ ಮಾತ್ರ ಬರಬೇಕು. ಅದಕ್ಕೆಂದೇ ಇರುವ ಮಲ್ಟಿಪ್ಲೈ ಮೋಡಿನಲ್ಲಿಟ್ಟಾಗ ಅಡಿಯ ಗೆರೆಗಳು ಅದರ ಮೂಲಕ ಹಾಗೇ ಕಂಡವು. ಕಡ್ಡಿಯ ಬದಿಗೆ ಅಂಟಿಕೊಂಡು ಬಂದ ಗೆರೆಯ ಚೂರುಗಳನ್ನು ಒಂದೊಂದಾಗಿ ಒರೆಸಿದಳು. ಒಂದೂವರೆ ಗಂಟೆ ಹಿಡಿಯಿತು. ಮುದ್ರಿಸಿ, ದೀಪಕ್ಕೆ ಹಿಡಿದು ನೋಡಿದಳು. ತಿದ್ದಿದ ಜಾಗ ಅವಳಿಗೇ ಕಾಣಲಿಲ್ಲ.

ಏಕಾಂತಯ್ಯನವರಿಗೆ ತೋರಿಸಲೆಂದು ಶಿಲ್ಪಾಳಿಗೆ ಫೋಟೊ ಕಳಿಸಿದಳು. "ಐಸಿಯುನಲ್ಲಿದಾರೆ ಅಕ್ಕ. ಕಣ್ಣು ಬಿಟ್ರೆ ತೋರಿಸ್ತೀನಿ," ಎಂದು ಉತ್ತರ ಬಂತು.

ಅವರು ಕಣ್ಣು ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಶ್ರದ್ಧಾಂಜಲಿ ಬ್ಯಾನರಿಗೆಂದು ಅವರದೇ ಫೋಟೊ ಅಂಗಡಿಗೆ ಬಂತು. ವಾಣಿಶ್ರೀ ಕೊರಳ ಟವಲನ್ನು ಅಳಿಸಿ, ಹಳೆಯ ಯೂನಿಫಾರಮ್ಮಿನ ಕಾಲರು ತೊಡಿಸಿದಳು. ಬ್ಯಾನರಿನೊಂದಿಗೆ ಆ ಹಾಳೆಯ ನಾಲ್ಕು ಪ್ರತಿಗಳನ್ನೂ ಸುತ್ತಿ ದಯಾನಂದನಿಗೆ ಕೊಟ್ಟು ಕಳಿಸಿದಳು. ಅಭ್ಯಾಸಕ್ಕೆ ಸಮಯವಿರಲಿಲ್ಲ. ಮನೆಯಿಂದ ಮಣ್ಣು ಮಾಡುವ ಜಾಗದವರೆಗೆ ಅರ್ಧ ಮೈಲಿ. ಟ್ಯೂನು ಮುಗಿದಂತೆಲ್ಲ ಮೊದಲಿನಿಂದ ಶುರುವಾಯಿತು. ಕಾರ್ನೆಟ್ ಎಂಬ ಹಿತ್ತಾಳೆ ತುತ್ತೂರಿಯವರು ಒಂದು ಊದಿದರೆ ನಾಲ್ವರು ಕ್ಲಾರಿಯೊನೆಟ್ಟಿನವರು ಎರಡು ಕಡೆ ಇನ್ನೊಂದು ಊದಿದರು. ರಸ್ತೆ ಬದಿಯಲ್ಲಿ ನಿಂತಿದ್ದ ವಾಣಿಶ್ರೀಗೂ ಅಲ್ಲಿ ಕಿವಿ ಚುರುಕ್ಕೆಂದಿತು. ದುಃಖದ ಟ್ಯೂನು ಹೀಗೇ ಇರಬೇಕೆಂದುಕೊಂಡಳು.

ಹನ್ನೆರಡು ದಿನ ಕಳೆದ ಮೇಲೆ ದಯಾನಂದ ಅಂಗಡಿಗೆ ಬಂದ. ಕುಳಿತುಕೊಳ್ಳಲಿಲ್ಲ.

"ಏನ್ ಮೇಡಮ್ಮೋರೇ, ನಮ್ ಗುರುಗಳಿಗಿಂತ ದೊಡ್ಡ ಮಾಸ್ಟ್ರಾಗ್ಬುಟ್ರಾ?"

"ಯಾಕೆ ದಯಾನಂದಣ್ಣ, ಏನಾಯ್ತು?"

ಅವನು ಕಾರ್ನೆಟ್ಟಿನ ಹಾಳೆಯನ್ನು ಕ್ಲಾರಿಯೊನೆಟ್ಟಿನ ಹಾಳೆಯ ಪಕ್ಕಕ್ಕಿಟ್ಟ. ಎರಡರಲ್ಲೂ ಒಂದೇ ರಾಗ, ಒಂದೇ ಎತ್ತರದ ಬರಹ. "ಇಲ್ ನೋಡಿ. ಒಂದೇ ಮಾತು ಎರಡ್ ಸಲ ಬರ್ತದೆ. ಮೊದಲ್ನೇ ಸಲ ಹಂಗೇ ನಿಲ್ತದೆ, ಎರಡ್ನೇ ಸಲ ಒಂದು ಮೆಟ್ಲು ಏರ್ತದೆ. ನಿಮ್ಮದ್ರಲ್ಲಿ ಮೊದ್ಲೇ ಏರ್ಬುಟ್ಟು, ಆಮೇಲೆ ಇಳ್ದೈತೆ. ಉಲ್ಟಾ! ಗುರುಗಳೇ ಬದಲಾಯ್ಸವ್ರೆ ಅಂದ್ಕೊಂಡು ಹಂಗೇ ಬಾರಿಸ್ಬುಟ್ವಿ."

"ಅವ್ರು ಹೇಳಿದ್ದನ್ನೇ ಮಾಡಿದೀನಿ. ಹನ್ನೊಂದನೇ ಬಾರ್ ಅಂತ ಬರೆಸಿದಾರೆ, ಚೀಟಿ ಇದೆ."

"ಎಣಿಸಿ, ನೋಡವಾ."

ಅವಳು ಪರದೆಯ ಮೇಲೆ ಬೆರಳಿಟ್ಟು ಎಣಿಸತೊಡಗಿದಳು. "ಒಂದು" ಎನ್ನುವಷ್ಟರಲ್ಲಿ ದಯಾನಂದ ಅವಳ ಬೆರಳಿನತ್ತ ಕೈ ಚಾಚಿದ.

"ಅದನ್ಯಾಕೆ ಎಣಿಸ್ತೀರ?"

ಮೊದಲ ಅಡ್ಡಗೋಡೆಗೂ ಹಿಂದೆ, ಒಂದೇ ಒಂದು ಸ್ವರವಿದ್ದ ಮೋಟು ತುಂಡು ಅದು.

"ಅದೂ ಒಂದು ಮನೆ ಅಲ್ವಾ?"

"ಅದು ಮನೆಯಲ್ಲ ಕಣಕ್ಕ, ಹೊಸ್ತಿಲು. ಬರೀ ಎತ್ತುಗಡೆ, ಟ್ಯೂನು ಶುರು ಮಾಡೋಕೆ ಮುಂಚೆ ಇಡೋ ಒಂದು ಸ್ವರ. ಅದನ್ನ ಯಾವ ಬ್ಯಾಂಡ್‌ನೋನೂ ಎಣಿಸಲ್ಲ. ತುಂಬಿದ ಬಾರಿಂದ ಒಂದು ಅನ್ಬೇಕು."

ಅವಳು ಮತ್ತೆ ಎಣಿಸಿದಳು. ಹನ್ನೊಂದನೆಯದು ಮುಂದಿನ ಮನೆಯಲ್ಲಿ ಸಿಕ್ಕಿತು. ಅದೇ ಖಾಲಿ ಹೊಟ್ಟೆ, ಅದೇ ನಾಲ್ಕನೇ ಗೆರೆ. ಏಕಾಂತಯ್ಯ ಮೂವತ್ತು ವರ್ಷದ ರೂಢಿಯಂತೆ ಹೇಳಿದ್ದರು; ಅವಳು ಕಣ್ಣಿಗೆ ಕಂಡಂತೆ ಎಣಿಸಿದ್ದಳು. ಸರಿಯಿದ್ದದ್ದು ತಪ್ಪಾಗಿತ್ತು, ತಪ್ಪಿದ್ದದ್ದು ಹಾಗೇ ಉಳಿದಿತ್ತು.

"ಒಂದ್ ಗೀಟಾದ್ರೂ ಅಡ್ಡಾದಿಡ್ಡಿ ಇದ್ದಿದ್ರೆ, ಇಲ್ಯಾರೋ ಕೈ ಆಡ್ಸವ್ರೆ ಅಂತ ಡೌಟ್ ಬರೋದು," ಎಂದ ದಯಾನಂದ. ಅವನ ಧ್ವನಿ ಇಳಿದಿತ್ತು. "ಅವರದೇ ಅಕ್ಷರ, ಅವರದೇ ಗೆರೆ. ಹೆಂಗ್ ತಿಳೀಬೇಕು?"

ವಾಣಿಶ್ರೀ ಮೂಲ ಫೈಲನ್ನು ತೆರೆದಳು. ಹತ್ತನೆಯ ಬಾರನ್ನು ಮುಟ್ಟದೆ, ಹನ್ನೊಂದನೆಯದರ ಸ್ವರವನ್ನು ಅವನ ಎದುರಿಗೇ ಅಳಿಸಿ, ಗೆರೆ ಕೂಡಿಸಿ, ಮೇಲಿನ ಸಂದಿಗೆ ಏರಿಸಿದಳು. ಈ ಸಲ ನಲವತ್ತು ನಿಮಿಷ ಸಾಕಾಯಿತು. ದಯಾನಂದ ನಿಂತೇ ನೋಡಿದ. ಮುದ್ರಿತ ಹಾಳೆಯನ್ನು ಕಾರ್ನೆಟ್ಟಿನದಕ್ಕೆ ಹೋಲಿಸಿ, ತುಟಿಯಲ್ಲೇ ಎರಡೂ ಬಾರುಗಳನ್ನು ಗುನುಗಿದ.

"ಸರಿಯಾಗದೆ."

"ತಗೊಂಡೋಗಿ ಅಣ್ಣ."

"ಯಾರಿಗ್ ಬಾರಿಸ್ಲಿ?" ಎಂದು ಅವನು ಹಾಳೆಯನ್ನು ಮೇಜಿನ ಮೇಲೆಯೇ ಬಿಟ್ಟು ಮೆಟ್ಟಿಲಿಳಿದು ಹೋದ.

ಇದಾಗಿ ಏಳು ತಿಂಗಳಾಯಿತು. ದಯಾನಂದನ ಸೆಟ್ಟು ಆ ಮಾರ್ಚನ್ನು ಬಾರಿಸುವುದನ್ನು ನಿಲ್ಲಿಸಿದೆ. ತಪ್ಪು ಪ್ರತಿಗಳಲ್ಲಿ ಮೂರನ್ನು ವಾಣಿಶ್ರೀ ವಾಪಸು ತರಿಸಿಕೊಂಡು ಹರಿದಿದ್ದಾಳೆ. ನಾಲ್ಕನೆಯದು ಹುಲಿಯೂರುದುರ್ಗದ ಚಿಕ್ಕಹನುಮಯ್ಯನೆಂಬ ಕ್ಲಾರಿಯೊನೆಟ್ಟಿನವನ ಬಳಿ ಇದೆ. ಅವನ ಫೋನು ನಂಬರು ಬದಲಾಗಿದೆ. ಸರಿಯಾದ ಹಾಳೆ ಅಂಗಡಿಯ ಕಂಪ್ಯೂಟರಿನಲ್ಲಿದೆ. ಯಾರೂ ಕೇಳಿಲ್ಲ. ಶಿಲ್ಪಾಳಿಗೆ ಅವಳು ಇನ್ನೂ ವಿಷಯ ಹೇಳಿಲ್ಲ.